ಅಂಕಿಯ ಕೆಳಗಿದ್ದ ಕಾಲುಂಗುರ: ಹಳೆಯ ಮನೆ ಫೋಟೋ ಸರಿಮಾಡುವ ಬಗ್ಗೆ

ಪರದೆಯ ಮೇಲೆ ಕಾಣುತ್ತಿರುವ ಈ ಫೋಟೋ ನನ್ನ ಸೋದರತ್ತೆಯ ಆಲ್ಬಮ್ಮಿನದು. ಜಾಗ ತಿಪಟೂರಿನ ನಮ್ಮ ಹಳೆಯ ಮನೆ. ಅವತ್ತು ಅತ್ತೆಯ ಮೊದಲ ಮಗನ ನಾಮಕರಣ. ನಡುವೆ ಮಗುವನ್ನು ಎತ್ತಿಕೊಂಡು ಅತ್ತೆ ಕೂತಿದ್ದಾರೆ. ಪಕ್ಕದಲ್ಲಿ ಮಾವ. ಬಲತುದಿಯಲ್ಲಿ ನಮ್ಮಜ್ಜಿ, ಒಂದು ಕಾಲು ಸ್ವಲ್ಪ ಮುಂದೆ ಚಾಚಿದ್ದಾರೆ. ಹಿಂದೆ ಗೋಡೆಗೆ ಒಂದು ಹಳದಿ ಸೀರೆಯನ್ನು ಪರದೆ ಹಾಗೆ ಕಟ್ಟಿದ್ದಾರೆ. ತೊಟ್ಟಿಲ ಶಾಸ್ತ್ರಕ್ಕೆ ಆಗ ಎಷ್ಟೋ ಮನೆಗಳಲ್ಲಿ ಹೀಗೆ ಮಾಡುತ್ತಿದ್ದರು, ಅಲ್ವಾ? ಕೆಳಗೆ ನೀಲಿ, ಕೆಂಪು ಪಟ್ಟೆಯ ಜಮಖಾನ.

ಈಗ ಹಾಳಾಗಿರುವುದನ್ನು ನೋಡಿ. ಬಲಕ್ಕೆ ಕೆಳಗೆ ಕಿತ್ತಳೆ ಬಣ್ಣದ ಅಂಕಿಗಳಿವೆ: `'94 3 27`. ಮಾವನ ಕೆನ್ನೆಯ ಮೇಲೆ ಒಂದು ಉದ್ದ ಗೀರು ಹೋಗಿದೆ. ಎಡಕ್ಕೆ ಮೇಲ್ಗಡೆ ಸುಮಾರು ನಾಲ್ಕು ಸೆಂಟಿಮೀಟರ್ ಅಗಲ, ಮೂರು ಸೆಂಟಿಮೀಟರ್ ಎತ್ತರದಷ್ಟು ಚಿತ್ರವೇ ಇಲ್ಲ, ಬರೀ ಬಿಳಿ ಕಾಗದ. ಅಂಟು ಹಾಳೆಯ ಆಲ್ಬಮ್ ಗೊತ್ತಲ್ಲ, ಮೇಲೆ ಪ್ಲಾಸ್ಟಿಕ್ ಮುಚ್ಚಿರುತ್ತದಲ್ಲ, ಅದು. ಇಪ್ಪತ್ತು ವರ್ಷ ಆದಮೇಲೆ ಫೋಟೋ ತೆಗೆಯಲು ಎಳೆದಾಗ ಚಿತ್ರದ ಪದರವೇ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬಂದುಬಿಟ್ಟಿದೆ. ನಿಮ್ಮ ಮನೆಯಲ್ಲೂ ಅಂಥ ಆಲ್ಬಮ್ ಇದ್ದರೆ ದಯವಿಟ್ಟು ಫೋಟೋ ಎಳೆಯಬೇಡಿ. ಪ್ಲಾಸ್ಟಿಕ್ಕೇ ಬಿಡುವುದಿಲ್ಲ ಅನ್ನಿಸಿದರೆ ಹಾಳೆಯನ್ನು ಹಾಗೇ ಸ್ಕ್ಯಾನರ್ ಮೇಲೆ ಇಡಿ. ಪ್ಲಾಸ್ಟಿಕ್ಕಿನ ಹೊಳಪು ಬಂದರೂ ಪರವಾಗಿಲ್ಲ, ಚಿತ್ರ ಉಳಿಯುತ್ತದೆ.

ಈ ಮೂರನ್ನೂ ಸರಿಮಾಡುವಾಗ ನಾನು ಒಂದೇ ಪ್ರಶ್ನೆ ಇಟ್ಟುಕೊಳ್ಳುತ್ತೇನೆ. ಅಳಿಸುವ ಮುಂಚೆ, ಇದರ ಕೆಳಗೆ ಏನಾದರೂ ಉಳಿದಿದೆಯಾ? ಹೆಚ್ಚಿನವರು ಕಲೆ ಕಂಡ ಕೂಡಲೇ ಪಕ್ಕದ ಬಣ್ಣ ತಂದು ಮೇಲೆ ಹಚ್ಚುತ್ತಾರೆ. ಕಲೆ ಹೋಗುತ್ತದೆ, ನಿಜ. ಆದರೆ ಅದರ ಕೆಳಗೆ ಅರ್ಧಂಬರ್ಧ ಉಳಿದಿದ್ದ ನಿಜವಾದ ಚಿತ್ರವೂ ಅದರ ಜೊತೆಗೇ ಹೋಗುತ್ತದೆ.

ಮೊದಲು ಸ್ಕ್ಯಾನ್ ವಿಷಯ. ಇದನ್ನು ಬೇಗ ಮುಗಿಸುತ್ತೇನೆ. ಪ್ರಿಂಟಿಗೆ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ, ಸಾಕು. ನಾಲ್ಕು ಇಂಚು ಆರು ಇಂಚಿನ ಫೋಟೋ ಆಗ 2400 ಗುಣಿಸು 3600 ಪಿಕ್ಸೆಲ್ ಆಗುತ್ತದೆ. ಅದಕ್ಕಿಂತ ಜಾಸ್ತಿ ಹಾಕಿದರೆ ಸಾಮಾನ್ಯ ಪ್ರಿಂಟಿನಲ್ಲಿ ಹೊಸ ವಿವರ ಏನೂ ಸಿಗುವುದಿಲ್ಲ, ಫೈಲ್ ಮಾತ್ರ ದೊಡ್ಡದಾಗುತ್ತದೆ. ಜೆಪೆಗ್ ಬೇಡ, ಟಿಫ್ ಇರಲಿ. ಸ್ಕ್ಯಾನರ್ ತಂತ್ರಾಂಶದಲ್ಲಿ ಧೂಳು ತೆಗೆಯುವ, ಬಣ್ಣ ಸರಿಮಾಡುವ, ಚೂಪು ಮಾಡುವ ಆಯ್ಕೆಗಳಿರುತ್ತವೆ, ಎಲ್ಲವನ್ನೂ ಆಫ್ ಮಾಡಿ. ತಾನಾಗಿ ಧೂಳು ತೆಗೆಯುವುದು ಎಷ್ಟೋ ಸಲ ಕಣ್ಣಿನೊಳಗಿನ ಹೊಳಪಿನ ಚುಕ್ಕೆಯನ್ನೂ ಧೂಳು ಅಂದುಕೊಂಡು ಒರೆಸಿಬಿಡುತ್ತದೆ. ಆಮೇಲೆ ಮುಖ ಯಾಕೋ ಮಂಕಾಗಿದೆ ಅನ್ನಿಸುತ್ತದೆ, ಕಾರಣ ಗೊತ್ತಾಗುವುದಿಲ್ಲ. ಫೋಟೋದ ಹಿಂಬದಿಯನ್ನೂ ಒಮ್ಮೆ ಸ್ಕ್ಯಾನ್ ಮಾಡಿಬಿಡಿ. ಅಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದ ಹೆಸರು ಇರಬಹುದು.

ಒಂದು ಸಣ್ಣ ಉಪಾಯ ಹೇಳುತ್ತೇನೆ. ಗೀರು ಎರಡು ಥರ ಇರುತ್ತದೆ. ಒಂದರಲ್ಲಿ ಬಣ್ಣವೇ ಕಿತ್ತುಹೋಗಿರುತ್ತದೆ. ಇನ್ನೊಂದರಲ್ಲಿ ಬಣ್ಣ ಹಾಗೇ ಇದ್ದು, ಮೇಲ್ಮೈ ಮಾತ್ರ ತಗ್ಗಾಗಿರುತ್ತದೆ. ಸ್ಕ್ಯಾನರಿನ ಬೆಳಕು ಒಂದೇ ಕಡೆಯಿಂದ ಓರೆಯಾಗಿ ಬೀಳುವುದರಿಂದ ಆ ತಗ್ಗಿನ ಅಂಚು ಬಿಳಿಯಾಗಿ ಮಿಂಚುತ್ತದೆ. ಅದಕ್ಕೆ ಫೋಟೋವನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗಾಗಿ ಇಟ್ಟು ಎರಡು ಸಲ ಸ್ಕ್ಯಾನ್ ಮಾಡಿ. ಫೋಟೋ ತಿದ್ದುವ ತಂತ್ರಾಂಶದಲ್ಲಿ ಎರಡನೆಯದನ್ನು 180 ಡಿಗ್ರಿ ತಿರುಗಿಸಿ ಮೊದಲನೆಯದರ ಮೇಲೆ ಒಂದು ಪದರವಾಗಿ ಕೂರಿಸಿ. ಪದರದ ಮೋಡನ್ನು `Difference` ಅಂತ ಇಟ್ಟರೆ ಎರಡೂ ಸರಿಯಾಗಿ ಹೊಂದಿದಾಗ ಚಿತ್ರ ಹೆಚ್ಚುಕಡಿಮೆ ಕಪ್ಪಾಗುತ್ತದೆ. ಬಾಣದ ಕೀಲಿ ಒತ್ತಿ ಒಂದೊಂದೇ ಪಿಕ್ಸೆಲ್ ಸರಿಸಿ ಹೊಂದಿಸಿ. ಆಮೇಲೆ ಮೋಡನ್ನು `Darken only` ಮಾಡಿ. ಒಂದರಲ್ಲಿ ಮಿಂಚಿದ ಜಾಗ ಇನ್ನೊಂದರಲ್ಲಿ ಮಿಂಚಿರುವುದಿಲ್ಲ. ಹಾಗಾಗಿ ಮಿಂಚು ಬಹುಪಾಲು ಮಾಯವಾಗುತ್ತದೆ. ಜೇನುಗೂಡಿನ ಹಾಗೆ ಉಬ್ಬುತಗ್ಗು ಇರುವ ಕಾಗದದ ಪ್ರಿಂಟುಗಳಿಗೂ ಇದೇ ಉಪಾಯ ನಡೆಯುತ್ತದೆ. ನಮ್ಮ ಈ ಫೋಟೋದಲ್ಲಿ ಕಣ್ಣಿಗೆ ಬೀಳುತ್ತಿದ್ದ ಹನ್ನೊಂದು ಗೀರುಗಳಲ್ಲಿ ಏಳು ಇಷ್ಟಕ್ಕೇ ಹೋದವು. ಒಂದು ಬ್ರಷ್ ಕೂಡ ಮುಟ್ಟಬೇಕಾಗಲಿಲ್ಲ.

ನಾನು ಬಳಸುವುದು ಗಿಂಪ್. ಉಚಿತವಾಗಿ ಸಿಗುತ್ತದೆ. ಬೇರೆ ತಂತ್ರಾಂಶ ಇದ್ದವರು ಅದರಲ್ಲೇ ಮಾಡಿ, ಹೆಸರು ಬೇರೆ ಇರಬಹುದು, ಕೆಲಸ ಒಂದೇ.

ಈಗ ಅಂಕಿಗೆ ಬರೋಣ. ಈ ಅಂಕಿ ಬಂದಿದ್ದು ಹೇಗೆ ಅಂತ ಗೊತ್ತಾದರೆ, ತೆಗೆಯುವ ದಾರಿಯೂ ಗೊತ್ತಾಗುತ್ತದೆ. ಆಗಿನ ಎಷ್ಟೋ ಕ್ಯಾಮೆರಾಗಳ ಹಿಂಬಾಗಿಲಲ್ಲಿ ಒಂದು ಪುಟ್ಟ ಗಡಿಯಾರ ಇರುತ್ತಿತ್ತು. ಬಟನ್ ಒತ್ತಿದಾಗ ಅದು ದಿನಾಂಕವನ್ನು ಬೆಳಕಿನಲ್ಲಿ ಫಿಲ್ಮಿನ ಬೆನ್ನಿಗೆ ಹೊಡೆಯುತ್ತಿತ್ತು. ಅಂದರೆ ಅಂಕಿ ಪ್ರಿಂಟಿನ ಮೇಲೆ ಬರೆದದ್ದಲ್ಲ. ಚಿತ್ರದ ಬೆಳಕಿನ ಜೊತೆಗೆ ಇನ್ನೊಂದಷ್ಟು ಬೆಳಕು ಸೇರಿದೆ, ಅಷ್ಟೆ. ಆ ಬೆಳಕು ಕೆಂಪು ಮಿಶ್ರಿತ ಕಿತ್ತಳೆ. ಕಲರ್ ನೆಗೆಟಿವ್ ಫಿಲ್ಮಿನಲ್ಲಿ ಕೆಂಪನ್ನು ಹಿಡಿಯುವ ಪದರ ಎಲ್ಲಕ್ಕಿಂತ ಕೆಳಗೆ, ಬೆನ್ನಿಗೆ ಹತ್ತಿರ ಇರುತ್ತದೆ. ನೀಲಿ ಹಿಡಿಯುವುದು ಎಲ್ಲಕ್ಕಿಂತ ಮೇಲೆ. ಬೆನ್ನ ಕಡೆಯಿಂದ ಬಂದ ಕೆಂಪು ಬೆಳಕು ಕೆಂಪಿನ ಪದರವನ್ನು ಪೂರ್ತಿ ತುಂಬಿಸುತ್ತದೆ, ಹಸಿರಿನ ಪದರವನ್ನು ಸ್ವಲ್ಪ ಕೆಡಿಸುತ್ತದೆ, ನೀಲಿಯ ಪದರಕ್ಕೆ ಬಹಳ ಕಡಿಮೆ ಮುಟ್ಟುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಕಲರ್ ಪಿಕರ್ ಹಿಡಿದು ಶಿಫ್ಟ್ ಒತ್ತಿ ಕ್ಲಿಕ್ ಮಾಡಿದರೆ ಬಣ್ಣದ ಅಂಕಿಅಂಶ ಬರುತ್ತದೆ, ಕೆಂಪು, ಹಸಿರು, ನೀಲಿ ಒಂದೊಂದೂ 0ಯಿಂದ 255ರವರೆಗೆ. ಜಮಖಾನದ ನೀಲಿ ಪಟ್ಟೆಯ ಮೇಲೆ ನಾನು ಅಳೆದಾಗ ಕೆಂಪು 48, ಹಸಿರು 52, ನೀಲಿ 88 ಇತ್ತು. ಅದೇ ಪಟ್ಟೆಯ ಮೇಲೆ ಕೂತ 9ರ ಗೆರೆಯೊಳಗೆ ಕೆಂಪು 245, ಹಸಿರು 120, ನೀಲಿ 95. ಗಮನಿಸಿದಿರಾ? ಕೆಂಪು ಹಾರಿಹೋಗಿದೆ. ಹಸಿರು ಕೆಟ್ಟಿದೆ. ನೀಲಿ 88 ಇದ್ದದ್ದು 95 ಆಗಿದೆ, ಅಷ್ಟೇ. ಅಂದರೆ ನೀಲಿ ಚಾನೆಲ್ಲಿನಲ್ಲಿ, ಚಿತ್ರದ ನೀಲಿಯ ಪಾಲು ಮಾತ್ರ ಇರುವ ಕಡೆ, ಅಂಕಿಯೇ ಹೆಚ್ಚುಕಡಿಮೆ ಇಲ್ಲ. ಕೆಳಗಿನ ಚಿತ್ರ ಅಲ್ಲಿ ಉಳಿದಿದೆ.

`Colors > Components > Decompose` ಗೆ ಹೋಗಿ, `RGB` ಆರಿಸಿ, `Decompose to layers` ಟಿಕ್ ಮಾಡಿ. ಹೊಸ ಕಿಟಕಿಯಲ್ಲಿ ಮೂರು ಕಪ್ಪುಬಿಳುಪು ಪದರ ಬರುತ್ತವೆ. ಕೆಂಪನ್ನೂ ಹಸಿರನ್ನೂ ಮರೆಮಾಡಿ ನೀಲಿಯನ್ನು ಮಾತ್ರ ನೋಡಿ. ನಾನು ಇದನ್ನು ಮಾಡಿದ ದಿನ ರಾತ್ರಿ ಹನ್ನೊಂದಾಗಿತ್ತು. `27` ಅನ್ನುವ ಕಡೆಯ ಎರಡು ಅಂಕಿ ಅಜ್ಜಿಯ ಸೀರೆಯ ಅಂಚು ಮತ್ತು ಕಾಲಿನ ಮೇಲೆ ಬಿದ್ದಿದ್ದವು. ಕಲರಿನಲ್ಲಿ ನೋಡಿದರೆ 7ರ ಕೆಳಗೆ ಬರೀ ಕಿತ್ತಳೆ ಉರಿ. ನೀಲಿ ಚಾನೆಲ್ಲಿನಲ್ಲಿ ಅಲ್ಲೊಂದು ಸಣ್ಣ ಹೊಳಪಿನ ಉಂಗುರ ಕಂಡಿತು. ಅಜ್ಜಿಯ ಕಾಲುಂಗುರ. ತಾತ ಹೋದಮೇಲೆ ಅಜ್ಜಿ ಅದನ್ನು ತೆಗೆದುಬಿಟ್ಟಿದ್ದರು, ನನ್ನ ನೆನಪಿನಲ್ಲಿರುವ ಅಜ್ಜಿಯ ಕಾಲಿನಲ್ಲಿ ಅದು ಇಲ್ಲವೇ ಇಲ್ಲ. ಸುಮ್ನೆ ಪಕ್ಕದ ಚರ್ಮದ ಬಣ್ಣ ತಂದು ಹಚ್ಚಿದ್ದರೆ ಅದು ಅಲ್ಲಿತ್ತು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹಾಗಂತ ಎಲ್ಲ ಅಂಕಿಯನ್ನೂ ಚಾನೆಲ್ ಹಿಡಿದೇ ತೆಗೆಯಬೇಕಾಗಿಲ್ಲ. `'94` ಬಿದ್ದಿದ್ದು ನೀಲಿ ಪಟ್ಟೆಯ ಮೇಲೆ, 3 ಬಿದ್ದಿದ್ದು ನೀಲಿ ಕೆಂಪು ಸೇರುವ ಗೆರೆಯ ಮೇಲೆ. ಅಲ್ಲಿ ಕ್ಲೋನ್ ಸಾಕು, ಅಂದರೆ ಒಂದು ಜಾಗದ ಚಿತ್ರವನ್ನು ಇನ್ನೊಂದು ಜಾಗಕ್ಕೆ ಹಾಗೇ ನಕಲು ಮಾಡುವುದು. ಹೊಸ ಖಾಲಿ ಪದರ ಮಾಡಿ, ಕ್ಲೋನ್ ಉಪಕರಣದಲ್ಲಿ `Sample merged` ಟಿಕ್ ಮಾಡಿ. ಕಂಟ್ರೋಲ್ ಒತ್ತಿ ಅದೇ ಪಟ್ಟೆಯ ಸ್ವಲ್ಪ ದೂರದ ಜಾಗದ ಮೇಲೆ ಕ್ಲಿಕ್ ಮಾಡಿ ಮಾದರಿ ತಗೊಳ್ಳಿ, ಆಮೇಲೆ ಅಂಕಿಯ ಮೇಲೆ ಎಳೆಯಿರಿ. ಮಾದರಿ ಯಾವಾಗಲೂ ಪಟ್ಟೆಯ ಉದ್ದಕ್ಕೇ ಇರಬೇಕು. ಅಡ್ಡಕ್ಕೆ ತಗೊಂಡರೆ ನೇಯ್ಗೆಯ ಸಾಲು ತಪ್ಪುತ್ತದೆ. ಪಟ್ಟೆಗಳು ಸೇರುವ ಗೆರೆಯ ಮೇಲೆ ಮಾದರಿ ತಗೊಳ್ಳುವಾಗ 200 ಪ್ರತಿಶತ ದೊಡ್ಡದು ಮಾಡಿಕೊಂಡು ಸರಿಯಾಗಿ ಗೆರೆಯ ಮೇಲೇ ಕ್ಲಿಕ್ ಮಾಡಿ. ಎರಡು ಪಿಕ್ಸೆಲ್ ತಪ್ಪಿದರೂ ಗೆರೆ ಮುರಿದ ಹಾಗೆ ಕಾಣುತ್ತದೆ.

ಅಂಕಿಯ ಸುತ್ತ ಒಂದು ಮಸುಕು ಪ್ರಭೆ ಇರುತ್ತದೆ, ಅದನ್ನು ಮರೆಯಬೇಡಿ. ಈ ಫೋಟೋದಲ್ಲಿ ಅಂಕಿಯ ಎತ್ತರ ಸುಮಾರು ಮೂರು ಮಿಲಿಮೀಟರ್, ಅಂದರೆ 600 ಡಿಪಿಐನಲ್ಲಿ ಸುಮಾರು 70 ಪಿಕ್ಸೆಲ್. ಗೆರೆಯ ದಪ್ಪ ಎಂಟು ಹತ್ತು ಪಿಕ್ಸೆಲ್. ಆದರೆ ಕಿತ್ತಳೆ ಛಾಯೆ ಅದರಾಚೆಗೂ ಐದಾರು ಪಿಕ್ಸೆಲ್ ಹರಡಿದೆ. ಗೆರೆಯಷ್ಟನ್ನೇ ಅಳಿಸಿದರೆ ಅಂಕಿ ಹೋಗುತ್ತದೆ, ಅಂಕಿಯ ಆಕಾರದ ಕೆಂಪು ನೆರಳು ಉಳಿಯುತ್ತದೆ. ಆಮೇಲೆ ಪ್ರಿಂಟ್ ಹಾಕಿಸಿದಾಗ ಅದು ಕಣ್ಣಿಗೆ ಹೊಡೆಯುತ್ತದೆ.

ಇನ್ನು ಅಜ್ಜಿಯ ಕಾಲು. ಇಲ್ಲಿ ನಿಧಾನವಾಗಿ ಹೋಗೋಣ. ನೀಲಿ ಚಾನೆಲ್ಲಿನಲ್ಲಿ ಆಕಾರ ಇದೆ. ಕೆಂಪು ಮತ್ತು ಹಸಿರು ಚಾನೆಲ್ಲಿನಲ್ಲಿ ಅದು ಕೆಟ್ಟಿದೆ. ಹಾಗಾದರೆ ನೀಲಿಯ ಆ ತುಂಡನ್ನೇ ಅವೆರಡಕ್ಕೂ ಸಾಲ ಕೊಡಬಹುದು. ಮೂರು ಪದರ ಬಂದ ಆ ಹೊಸ ಕಿಟಕಿಯಲ್ಲಿ ನೀಲಿ ಪದರದಿಂದ 7ರ ಸುತ್ತಲಿನ ಜಾಗವನ್ನು ಕಾಪಿ ಮಾಡಿ, ಕೆಂಪು ಪದರದ ಮೇಲೆ ಅದೇ ಜಾಗದಲ್ಲಿ ಇಟ್ಟೆ. ಹಾಗೇ ಇಟ್ಟರೆ ಕಪ್ಪಾಗಿ ಕಾಣುತ್ತದೆ. ಯಾಕಂದರೆ ಚರ್ಮದಲ್ಲಿ ಕೆಂಪು ಜಾಸ್ತಿ, ನೀಲಿ ಕಡಿಮೆ. ಅದಕ್ಕೆ `Colors > Curves` ತೆರೆದು, ಅಂಕಿ ಮುಟ್ಟದ ಪಕ್ಕದ ಚರ್ಮದಲ್ಲಿ ಕೆಂಪು ಎಷ್ಟಿದೆಯೋ ಅಷ್ಟಕ್ಕೆ ಹೊಂದುವವರೆಗೆ ಬೆಳ್ಳಗೆ ಮಾಡಿದೆ. ಹಸಿರಿಗೂ ಇದೇ ಕೆಲಸ, ಅಲ್ಲಿ ಬದಲಾವಣೆ ಕಡಿಮೆ ಸಾಕು.

ಇಲ್ಲೊಂದು ಮಿತಿ ಇದೆ. ಒಂದು ಹೊಂದಾಣಿಕೆ ಒಂದು ಬಣ್ಣದ ಜಾಗಕ್ಕೆ ಮಾತ್ರ ಸರಿಹೋಗುತ್ತದೆ. ಚರ್ಮಕ್ಕೆ ಹೊಂದಿಸಿದ್ದು ಸೀರೆಗೆ ಹೊಂದುವುದಿಲ್ಲ. ಅಜ್ಜಿಯ ಕಾಲಿನ ಹತ್ತಿರ ಮೂರು ಜಾಗ ಇತ್ತು: ಚರ್ಮ, ಕಂದು ಸೀರೆಯ ಅಂಚು, ಬೆಳ್ಳಿಯ ಕಾಲುಂಗುರ. ಮೂರನ್ನೂ ಕೈಯಲ್ಲಿ ಬೇರೆ ಬೇರೆ ಆಯ್ದು, ಮೂರು ಸಲ ಹೊಂದಿಸಿದೆ. ಬೆಳ್ಳಿ ಎಲ್ಲಕ್ಕಿಂತ ಸುಲಭ. ಅದು ಬೂದು ಬಣ್ಣ, ಮೂರೂ ಚಾನೆಲ್ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ. ಅಂಚುಗಳಿಗೆ ಒಂದೆರಡು ಪಿಕ್ಸೆಲ್ ಮೃದುತನ ಕೊಟ್ಟು, ತುಂಡುಗಳನ್ನು ಆಯಾ ಪದರದೊಳಗೆ ಬೆರೆಸಿ, `Colors > Components > Compose` ಮಾಡಿದರೆ ಮತ್ತೆ ಕಲರ್ ಚಿತ್ರ ಬರುತ್ತದೆ. ಅದನ್ನು ಮೂಲದ ಮೇಲೆ ಪದರವಾಗಿ ಇಟ್ಟು, ಮಾಸ್ಕ್ ಹಾಕಿ ಕಾಲಿನ ಜಾಗವಷ್ಟೇ ಕಾಣುವ ಹಾಗೆ ಮಾಡಿದೆ. ಉಳಿದ ಚಿತ್ರ ಹಾಗೇ ಇದ್ದರೆ ಒಳ್ಳೆಯದು, ಅದನ್ನು ಯಾಕೆ ಮುಟ್ಟಬೇಕು?

ಫಲಿತಾಂಶ ಪೂರ್ತಿ ಶುದ್ಧವಾಗಿ ಬರುವುದಿಲ್ಲ ಅನ್ನುವುದನ್ನೂ ಹೇಳಬೇಕು. ನೀಲಿ ಚಾನೆಲ್ಲಿನಲ್ಲಿ ಸಾಮಾನ್ಯವಾಗಿ ಕಾಳು ಕಾಳು ಜಾಸ್ತಿ, ಆ ತುಂಡು ಸುತ್ತಲಿಗಿಂತ ಸ್ವಲ್ಪ ಒರಟಾಗಿ ಕಾಣುತ್ತದೆ. ಇನ್ನೊಂದು ವಿಷಯ, ಕೆಲವು ಫೋಟೋಗಳಲ್ಲಿ ಅಂಕಿಯ ನಡು ಹಳದಿಗೆ ತಿರುಗಿರುತ್ತದೆ. ಅಂದರೆ ಹಸಿರೂ ತುಂಬಿಹೋಗಿದೆ, ಉಳಿದಿರುವುದು ನೀಲಿ ಒಂದೇ. ಬಿಳಿಗೇ ತಿರುಗಿದ್ದರೆ ಮೂರೂ ಹೋಗಿವೆ, ಅಲ್ಲಿ ಈ ಉಪಾಯ ನಡೆಯುವುದಿಲ್ಲ. ಅಳಿಸುವ ಮುಂಚೆ ಅಳೆದು ನೋಡಿ ಅನ್ನುವುದು ಅದಕ್ಕೇ.

ಈಗ ಮಾವನ ಕೆನ್ನೆ. ಪ್ರಿಂಟಿನ ಗೀರು ಬೇರೆ ಕಾರಣದಿಂದ ಆದದ್ದು, ಆದರೆ ಅದರಲ್ಲೂ ಇದೇ ಕಥೆ ಇದೆ ಅನ್ನುವುದು ನನಗೆ ತುಂಬ ಇಷ್ಟ. ಕಲರ್ ಪ್ರಿಂಟಿನ ಕಾಗದದಲ್ಲಿ ಮೂರು ಬಣ್ಣದ ಪದರ ಇರುತ್ತವೆ. ಎಲ್ಲಕ್ಕಿಂತ ಮೇಲೆ ಸಯಾನ್, ಅಂದರೆ ಹಸಿರುಮಿಶ್ರಿತ ನೀಲಿ. ನಡುವೆ ಮೆಜೆಂಟಾ. ಎಲ್ಲಕ್ಕಿಂತ ಕೆಳಗೆ ಹಳದಿ. ಅದರಡಿ ಬಿಳಿ ಕಾಗದ. ಉಗುರು ತಾಗಿ ಮೇಲಿನ ಪದರ ಮಾತ್ರ ಹೋದರೆ ಗೀರು ಕೆಂಪಗೆ ಕಾಣುತ್ತದೆ. ಇನ್ನೂ ಆಳಕ್ಕೆ ಹೋಗಿ ಎರಡು ಪದರ ಹೋದರೆ ಹಳದಿ. ಮೂರೂ ಹೋದರೆ ಬಿಳಿ. ಹಾಗಾಗಿ ಗೀರಿನ ಬಣ್ಣ ನೋಡಿದರೆ ಗಾಯ ಎಷ್ಟು ಆಳ ಅಂತ ಹೇಳಬಹುದು. ಮನೆಗೆ ಹೋಗಿ ನಿಮ್ಮ ಫೋಟೋಗಳನ್ನು ಬೆಳಕಿಗೆ ಹಿಡಿದು ನೋಡಿ, ಒಂದೇ ಗೀರಿನಲ್ಲಿ ತುದಿಯಲ್ಲಿ ಕೆಂಪು, ನಡುವೆ ಹಳದಿ, ಇನ್ನೂ ನಡುವೆ ಬಿಳಿ ಕಂಡರೂ ಕಾಣಬಹುದು.

ಸಯಾನ್ ಬಣ್ಣದ ಕೆಲಸ ಕೆಂಪು ಬೆಳಕನ್ನು ತಡೆಯುವುದು. ಅದು ಹೋದರೆ ಸ್ಕ್ಯಾನಿನಲ್ಲಿ ಕೆಂಪು ಚಾನೆಲ್ ಕೆಡುತ್ತದೆ. ಹಸಿರು, ನೀಲಿ ಹೆಚ್ಚುಕಡಿಮೆ ಚೆನ್ನಾಗಿಯೇ ಇರುತ್ತವೆ. ಮಾವನ ಕೆನ್ನೆಯ ಗೀರು ಬಹುಪಾಲು ಕೆಂಪು. ಅದು ಮೀಸೆಯ ತುದಿಯನ್ನು ದಾಟಿ ಹೋಗುತ್ತದೆ. ಸಾಮಾನ್ಯವಾಗಿ, ಮಾದರಿಯನ್ನು ಸುತ್ತಲಿನ ಬಣ್ಣಕ್ಕೆ ಹೊಂದಿಸಿ ಹಚ್ಚುವ ಹೀಲ್ ಉಪಕರಣದಿಂದ ಒಮ್ಮೆ ಉಜ್ಜಿದರೆ ಗೀರು ಹೋಗುತ್ತದೆ, ಮೀಸೆಯ ಕೂದಲೂ ಕಲಸಿಹೋಗುತ್ತದೆ. ಅದಕ್ಕೆ ಹೀಗೆ ಮಾಡಿದೆ. ಮೂಲ ಪದರದ ನಕಲು ತೆಗೆದು, `Channels` ಫಲಕದಲ್ಲಿ ಹಸಿರು ಮತ್ತು ನೀಲಿಯ ಮೇಲೆ ಕ್ಲಿಕ್ ಮಾಡಿ ಅವುಗಳ ಆಯ್ಕೆ ತೆಗೆದೆ. ಕಣ್ಣಿನ ಗುರುತು ಹಾಗೇ ಇರಬೇಕು, ಆಗ ನೋಡಲು ಪೂರ್ತಿ ಕಲರ್ ಚಿತ್ರವೇ ಕಾಣುತ್ತದೆ. ಆದರೆ ಬ್ರಷ್ ಮುಟ್ಟುವುದು ಕೆಂಪನ್ನು ಮಾತ್ರ. ಆಮೇಲೆ ಗೀರಿಗಿಂತ ಚೂರು ದಪ್ಪದ ಬ್ರಷ್ ಹಿಡಿದು, ಪಕ್ಕದಲ್ಲೇ ಮಾದರಿ ತಗೊಂಡು ಹೀಲ್ ಮಾಡಿದೆ. ಗೀರು ಕರಗಿತು. ಮೀಸೆಯ ಕೂದಲು, ಚರ್ಮದ ಸಣ್ಣ ಗುಳಿ, ಎಲ್ಲ ಉಳಿದವು. ಯಾಕಂದರೆ ಅವು ಹಸಿರು ಮತ್ತು ನೀಲಿಯಲ್ಲಿ ಇದ್ದವು, ನಾನು ಅವನ್ನು ಮುಟ್ಟಲೇ ಇಲ್ಲ. ಕೆಲಸ ಮುಗಿದ ಮೇಲೆ ಮೂರೂ ಚಾನೆಲ್ಲನ್ನು ಮತ್ತೆ ಆಯ್ಕೆ ಮಾಡುವುದನ್ನು ಮರೆಯಬೇಡಿ. ಮರೆತರೆ ಮುಂದೆ ಹಚ್ಚಿದ್ದೆಲ್ಲ ವಿಚಿತ್ರ ಬಣ್ಣದಲ್ಲಿ ಬರುತ್ತದೆ.

ಗೀರಿನ ನಡುವೆ ಎರಡು ಕಡೆ ಬಿಳಿ ಚುಕ್ಕೆ ಇತ್ತು. ಅಲ್ಲಿ ಏನೂ ಉಳಿದಿಲ್ಲ. ಅಲ್ಲಿ ಮಾತ್ರ ಮೂರೂ ಚಾನೆಲ್ಲಿಗೆ ಹೀಲ್ ಮಾಡಿದೆ. ಹೀಲ್ ನಯವಾದ ಜಾಗಕ್ಕೆ ಒಳ್ಳೆಯದು. ಎರಡು ಬಣ್ಣ ಸೇರುವ ಅಂಚಿನ ಹತ್ತಿರ ಬಂದರೆ ಅದು ಆಚೆಯ ಬಣ್ಣವನ್ನೂ ಸೇರಿಸಿ ಮಬ್ಬು ಕಲೆ ಮಾಡುತ್ತದೆ. ಶರ್ಟಿನ ಕಾಲರ್ ಮತ್ತು ಕುತ್ತಿಗೆ ಸೇರುವ ಕಡೆ ಹಾಗಾಗುವುದನ್ನು ನೀವೇ ನೋಡುತ್ತೀರಿ. ಅಂಥ ಕಡೆ ಕ್ಲೋನ್ ಬಳಸಿ. ಇನ್ನೊಂದು ಸೂಕ್ಷ್ಮ: ಗಿಂಪಿನಲ್ಲಿ ಕ್ಲೋನನ್ನು ಖಾಲಿ ಪದರದ ಮೇಲೆ ಮಾಡುತ್ತೇನೆ, ಹೀಲನ್ನು ನಕಲು ಪದರದ ಮೇಲೆ. ಹೀಲ್‌ಗೆ ಕೆಳಗಿನ ಬಣ್ಣ ಬೇಕು, ಖಾಲಿ ಪದರದಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ.

ಕಡೆಗೆ, ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ಹಿನ್ನೆಲೆ. ಕಿತ್ತುಹೋದ ಜಾಗ ಸುಮಾರು 900 ಗುಣಿಸು 700 ಪಿಕ್ಸೆಲ್. ಅಲ್ಲಿ ಮೂರೂ ಪದರ ಹೋಗಿವೆ, ಯಾವ ಚಾನೆಲ್ಲಿನಲ್ಲೂ ಏನಿಲ್ಲ. ಕೆಳಗೆ ಏನೂ ಉಳಿದಿಲ್ಲದಾಗ, ಉಳಿದಿರುವುದನ್ನು ಬೇರೆ ಕಡೆ ಹುಡುಕಬೇಕು. ಆ ಜಾಗದ ಅಂಚಿನಲ್ಲಿ ಮೂರು ಸುಳಿವುಗಳಿದ್ದವು. ತಿಳಿ ಹಸಿರು ಡಿಸ್ಟೆಂಪರ್ ಗೋಡೆ. ಸೀರೆಯ ಎರಡು ಮಡಿಕೆ ಒಳಗೆ ಹೋಗುವುದು. ಮತ್ತೆ ಗೋಡೆಯ ಮೇಲೆ ಮರದ ಚೌಕಟ್ಟಿನ ಒಂದು ಕೆಳಮೂಲೆ. ಆ ಮೂಲೆ ಯಾವುದರದು?

ಅತ್ತೆ ಅದು ದೇವರ ಪಟ ಅಂದರು. ಅಪ್ಪ ಗಡಿಯಾರ ಅಂದರು. ಇಬ್ಬರೂ ಆ ಮನೆಯಲ್ಲೇ ಬೆಳೆದವರು. ಹೀಗೆ ಆದಾಗ ಯಾರ ಮಾತನ್ನೂ ನಂಬಿ ಬಿಡಿಸಬೇಡಿ. ಅದೇ ದಿನ ತೆಗೆದ ಬೇರೆ ಫೋಟೋ ಯಾರ ಹತ್ತಿರ ಇದೆ ಅಂತ ಕೇಳಿ. ಒಂದು ರೋಲಿನಲ್ಲಿ ಮೂವತ್ತಾರು ಫೋಟೋ ಬರುತ್ತಿತ್ತು. ಅವು ಎರಡು ಮೂರು ಮನೆಗಳಲ್ಲಿ ಹಂಚಿಹೋಗಿರುತ್ತವೆ. ನಮ್ಮದರಲ್ಲಿ ಹಾಗೇ ಆಯಿತು. ಹಾಸನದಲ್ಲಿರುವ ಚಿಕ್ಕಮ್ಮನ ಹತ್ತಿರ ಇನ್ನೊಂದು ಫೋಟೋ ಸಿಕ್ಕಿತು. ಅದೇ ಗೋಡೆ, ಅದೇ ಸೀರೆ, ಸ್ವಲ್ಪ ಪಕ್ಕದಿಂದ ತೆಗೆದದ್ದು. ಅಪ್ಪ ಹೇಳಿದ್ದು ಸರಿ, ಲೋಲಕದ ಗಡಿಯಾರ.

ಹಿನ್ನೆಲೆ ಕಟ್ಟುವಾಗ ನಾನು ಮೊದಲು ಬೆಳಕನ್ನು ಹಾಕುತ್ತೇನೆ, ಆಮೇಲೆ ಆಕಾರ, ಕಡೆಗೆ ಕಾಳು. ಈ ಕ್ರಮ ತಪ್ಪಿಸಿದರೆ ಮತ್ತೆ ಮತ್ತೆ ಮಾಡಬೇಕಾಗುತ್ತದೆ.

ಬೆಳಕು ಅಂದರೆ ಏನು? ಈ ಗೋಡೆ ಒಂದೇ ಬಣ್ಣ ಅಂತ ನಮಗೆ ಅನ್ನಿಸುತ್ತದೆ. ಆದರೆ ಫ್ಲಾಶ್ ಬೆಳಕು ನಡುವೆ ಜಾಸ್ತಿ, ಮೂಲೆಗೆ ಹೋದಹಾಗೆ ಕಡಿಮೆ. ಬಲಗಡೆಯ ಗೋಡೆಯ ತುಂಡನ್ನು ತಂದು ಎಡಮೂಲೆಗೆ ಅಂಟಿಸಿದರೆ ಅದು ತೇಪೆ ಹಾಕಿದ ಹಾಗೆ ಕಾಣುವುದು ಇದಕ್ಕೇ. ನಾನು ಹೊಸ ಪದರದಲ್ಲಿ, ಕಿತ್ತುಹೋದ ಜಾಗದ ಸುತ್ತ ಉಳಿದ ಗೋಡೆಯಿಂದ ಬಣ್ಣ ಆರಿಸಿಕೊಂಡೆ. ಕಲರ್ ಪಿಕರಿನಲ್ಲಿ `Sample average` ಟಿಕ್ ಮಾಡಿ ತ್ರಿಜ್ಯ 15ರ ಸುತ್ತ ಇಡಿ. ಇಲ್ಲದಿದ್ದರೆ ಒಂದು ಕಾಳಿನ ಬಣ್ಣ ಬಂದು ಮೋಸ ಹೋಗುತ್ತೀರಿ. ನಡುವಿಗೆ ಹತ್ತಿರದ ಬಣ್ಣ ಒಂದು, ಮೂಲೆಯ ಬಣ್ಣ ಇನ್ನೊಂದು. ಅವೆರಡರ ನಡುವೆ ಗ್ರೇಡಿಯೆಂಟ್ ಎಳೆದೆ. ಎಳೆಯುವ ದಿಕ್ಕು ಫ್ಲಾಶ್ ಬಿದ್ದ ಜಾಗದಿಂದ ಮೂಲೆಯ ಕಡೆಗೆ ಇರಬೇಕು. ಸುತ್ತಲಿನ ಅಂಚು ಕರಗಿಹೋಗುವವರೆಗೆ ಎರಡು ಮೂರು ಸಲ ತಿದ್ದಿದೆ.

ಆಮೇಲೆ ಸೀರೆಯ ಮಡಿಕೆ. ಎಡಗಡೆ ಹೋದದ್ದನ್ನು ಬಲಗಡೆಯಿಂದ ತಂದು, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಇಡೋಣ ಅಂತ ಎಲ್ಲರಿಗೂ ಮೊದಲು ಅನ್ನಿಸುತ್ತದೆ. ನಾನೂ ಮೊದಲು ಹಾಗೇ ಮಾಡಿದೆ. ನೋಡಿದರೆ ಏನೋ ಸರಿಯಿಲ್ಲ. ಕಾರಣ ನೆರಳು. ಈ ಕ್ಯಾಮೆರಾದ ಫ್ಲಾಶ್ ಲೆನ್ಸಿನ ಒಂದು ಪಕ್ಕಕ್ಕೆ ಇತ್ತು, ಹಾಗಾಗಿ ಪ್ರತಿ ಮಡಿಕೆಯ ಎಡಕ್ಕೆ ಒಂದು ಗೆರೆಯಷ್ಟು ನೆರಳು ಬಿದ್ದಿದೆ. ತಿರುಗಿಸಿದ ತುಂಡಿನಲ್ಲಿ ನೆರಳು ಬಲಕ್ಕೆ ಬಂದುಬಿಟ್ಟಿತ್ತು. ಎಲ್ಲರ ತಲೆಯ ಹಿಂದಿನ ನೆರಳು ನೋಡಿದರೆ ಫ್ಲಾಶ್ ಯಾವ ಕಡೆ ಇತ್ತು ಅಂತ ತಕ್ಷಣ ಗೊತ್ತಾಗುತ್ತದೆ. ಅದನ್ನು ಅಳಿಸಿ, ತಿರುಗಿಸದೆ ಹಾಗೇ ತಂದು, `Unified Transform` ಹಿಡಿದು ಅಂಚಿನಲ್ಲಿ ಉಳಿದಿದ್ದ ಮಡಿಕೆಯ ತುದಿಗೆ ಸೇರಿಸಿದೆ. ಸೀರೆಯ ಬುಟ್ಟಾಗಳು ಇಲ್ಲಿ ಅಳತೆಗೋಲು ಇದ್ದ ಹಾಗೆ. ಮಡಿಕೆಯ ಉಬ್ಬಿನ ಮೇಲೆ ಬುಟ್ಟಾ ಅಗಲವಾಗಿ ಕಾಣುತ್ತದೆ, ಒಳಗೆ ತಿರುಗುವ ಕಡೆ ಕಿರಿದಾಗುತ್ತದೆ. ತಗ್ಗಿನಲ್ಲಿ ಅಗಲವಾದ ಬುಟ್ಟಾ ಬಂದರೆ ಬಟ್ಟೆ ಚಪ್ಪಟೆಯಾಗುತ್ತದೆ. ಪಕ್ಕಪಕ್ಕದ ಎರಡು ಬುಟ್ಟಾದಲ್ಲಿ ಒಂದೇ ಥರದ ಸಣ್ಣ ಕಲೆ ಇದ್ದರೆ ಯಾರಾದರೂ ನಕಲು ಅಂತ ಹಿಡಿಯುತ್ತಾರೆ. ಅಂಥ ಒಂದೆರಡು ಗುರುತನ್ನು ಹೀಲ್ ಮಾಡಿ ತೆಗೆದೆ.

ಗಡಿಯಾರವನ್ನು ಚಿಕ್ಕಮ್ಮನ ಫೋಟೋದಿಂದ ತಂದೆ. ಓರೆಯಿಂದ ತೆಗೆದದ್ದು, ಹಾಗಾಗಿ ಪರ್ಸ್‌ಪೆಕ್ಟಿವ್ ಉಪಕರಣದಿಂದ ನೆಟ್ಟಗೆ ಮಾಡಿ, ನಮ್ಮ ಫೋಟೋದಲ್ಲಿ ಉಳಿದಿದ್ದ ಕೆಳಮೂಲೆಗೆ ಸರಿಯಾಗಿ ಕೂರಿಸಿದೆ. ಬಣ್ಣ ಹೊಂದಿಸಿದೆ. ಆಮೇಲೆ ಒಂದು ಪ್ರಶ್ನೆ ಬಂತು. ಅದರಲ್ಲಿ ಮುಳ್ಳು ಹನ್ನೊಂದು ಇಪ್ಪತ್ತು ತೋರಿಸುತ್ತಿದೆ. ನಮ್ಮ ಫೋಟೋ ತೆಗೆದಾಗ ಎಷ್ಟಾಗಿತ್ತು? ಅದು ಯಾರಿಗೂ ಗೊತ್ತಿಲ್ಲ, ಫೋಟೋದಲ್ಲಿ ಆ ಭಾಗವೂ ಇಲ್ಲ. ಮುಳ್ಳು ಅಳಿಸಿದರೆ ಗಡಿಯಾರ ಕುರುಡಾಗುತ್ತದೆ. ಬೇರೆ ಸಮಯ ಇಟ್ಟರೆ ಸುಳ್ಳು. ಕಡೆಗೆ ಹನ್ನೊಂದು ಇಪ್ಪತ್ತನ್ನೇ ಉಳಿಸಿ, ಅದು ಇನ್ನೊಂದು ಫೋಟೋದಿಂದ ಬಂದದ್ದು ಅಂತ ಫೈಲಿನೊಳಗೇ ಬರೆದಿಟ್ಟೆ. ಹೇಗೆ ಬರೆಯುವುದು ಅಂತ ಈಗ ಹೇಳುತ್ತೇನೆ.

ಅದಕ್ಕೂ ಮುಂಚೆ ಕಾಳು. ಕಟ್ಟಿದ ಗೋಡೆ ತುಂಬ ನಯವಾಗಿ, ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತದೆ. ಹಳೆಯ ಗೋಡೆಯಲ್ಲಿ ಫಿಲ್ಮಿನ ಕಾಳು ಇದೆ, ಹೊಸದರಲ್ಲಿ ಇಲ್ಲ. `Filters > Noise > RGB Noise` ಸ್ವಲ್ಪವೇ ಹಾಕಿ, ಆಮೇಲೆ ಒಂದು ಪಿಕ್ಸೆಲ್ಲಿಗಿಂತ ಕಡಿಮೆ, 0.7ರಷ್ಟು ಗಾಸಿಯನ್ ಬ್ಲರ್ ಕೊಟ್ಟೆ. ಸ್ಕ್ಯಾನಿನಲ್ಲಿ ಕಾಳು ಒಂದೊಂದು ಪಿಕ್ಸೆಲ್ಲಾಗಿ ಇರುವುದಿಲ್ಲ, ಸ್ವಲ್ಪ ಗುಂಪಾಗಿರುತ್ತದೆ, ಅದಕ್ಕೆ ಈ ಬ್ಲರ್. 100 ಪ್ರತಿಶತದಲ್ಲಿ ಹಳೆಯದು ಹೊಸದು ಪಕ್ಕಪಕ್ಕ ನೋಡಿ ಹೊಂದಿಸಬೇಕು. ಚಿಕ್ಕದು ಮಾಡಿ ನೋಡಿದರೆ ಕಾಳು ಕಾಣುವುದೇ ಇಲ್ಲ.

ಎಲ್ಲ ಮುಗಿಯಿತು ಅನ್ನಿಸಿದಾಗ ಒಂದು ಪರೀಕ್ಷೆ ಮಾಡುತ್ತೇನೆ. `New from Visible` ಅಂತ ಒಂದು ಪದರ ಮಾಡಿ, ಲೆವೆಲ್ಸಿನಲ್ಲಿ ಕಾಂಟ್ರಾಸ್ಟ್ ಅತಿ ಜಾಸ್ತಿ ಮಾಡುತ್ತೇನೆ. ಸಾಮಾನ್ಯವಾಗಿ ಕಾಣದ ತೇಪೆಗಳು ಆಗ ಮೋಡದ ಹಾಗೆ ಎದ್ದು ಕಾಣುತ್ತವೆ. ಅವನ್ನು ಗುರುತು ಮಾಡಿಕೊಂಡು, ಆ ಪದರ ಅಳಿಸಿ, ಕೆಳಗಿನ ಪದರದಲ್ಲಿ ತಿದ್ದುತ್ತೇನೆ. ಚಿತ್ರವನ್ನು ಎಡಬಲ ತಿರುಗಿಸಿ ನೋಡುವುದೂ ಒಳ್ಳೆಯದು. ತುಂಬ ಹೊತ್ತು ನೋಡಿ ಅಭ್ಯಾಸವಾದ ಕಣ್ಣಿಗೆ ಆಗ ತಪ್ಪು ಹೊಸದಾಗಿ ಕಾಣುತ್ತದೆ. ನಮ್ಮ ಫೋಟೋದಲ್ಲಿ ಗಡಿಯಾರದ ಬಲಕ್ಕೆ ಹಾಗೆ ಒಂದು ತೇಪೆ ಸಿಕ್ಕಿತು.

ಇನ್ನು ಬರೆದಿಡುವುದು. ಅಂಕಿ ಕಣ್ಣಿಗೆ ಚಂದ ಕಾಣುವುದಿಲ್ಲ, ಆದರೆ ಅದು ಒಂದು ದಾಖಲೆ. ಅದನ್ನು ಅಳಿಸುವ ಮುಂಚೆ ಬೇರೆ ಕಡೆ ಬರೆದಿಡಬೇಕು. ಮೊದಲು ಅದು ನಿಜವಾ ಅಂತ ನೋಡಿ. ಬ್ಯಾಟರಿ ಬದಲಿಸಿದ ಮೇಲೆ ದಿನಾಂಕ ಸರಿಮಾಡದೆ ಬಿಟ್ಟ ಕ್ಯಾಮೆರಾಗಳು ಯಾವುದೋ ವರ್ಷದ ಜನವರಿ 1 ಅಂತ ಹೊಡೆಯುತ್ತಾ ಹೋಗುತ್ತಿದ್ದವು. ಮದುವೆ ಫೋಟೋ, ಹಬ್ಬದ ಫೋಟೋ ಎಲ್ಲದರಲ್ಲೂ ಜನವರಿ ಮೊದಲ ವಾರವೇ ಇದ್ದರೆ ಅನುಮಾನ ಪಡಿ. ನಮ್ಮದರಲ್ಲಿ 1994 ಮಾರ್ಚ್ 27 ಭಾನುವಾರ. ನಾಮಕರಣ ಭಾನುವಾರ ಆಗಿತ್ತು ಅಂತ ಅತ್ತೆಗೆ ನೆನಪಿದೆ, ಮಗುವಿನ ಹುಟ್ಟಿದ ದಿನಕ್ಕೂ ಲೆಕ್ಕ ಹೊಂದುತ್ತದೆ. ನಂಬಬಹುದು. ಅದನ್ನು ಫೈಲಿನೊಳಗೆ ಎಕ್ಸಿಫ್‌ಟೂಲ್ ಅನ್ನುವ ತಂತ್ರಾಂಶದ ಕಮಾಂಡಿನಿಂದ ಹೀಗೆ ಸೇರಿಸಿದೆ:

```
exiftool -XMP-photoshop:DateCreated="1994:03:27" -XMP-dc:Description="ನಾಮಕರಣ, ತಿಪಟೂರು. ಗಡಿಯಾರ ಅದೇ ದಿನದ ಇನ್ನೊಂದು ಫೋಟೋದಿಂದ. ಎಡಮೇಲಿನ ಗೋಡೆ, ಸೀರೆ ಮತ್ತೆ ಕಟ್ಟಿದ್ದು." namakarana.tif
```

ಇಲ್ಲಿ ಗಂಟೆ ನಿಮಿಷ ಬೇಕಾಗಿಲ್ಲ, ದಿನಾಂಕ ಒಂದೇ ಸಾಕು. ಈ ಕಮಾಂಡ್ ಹಳೆಯ ಫೈಲನ್ನು `namakarana.tif_original` ಅಂತ ಪಕ್ಕದಲ್ಲೇ ಉಳಿಸುತ್ತದೆ. ಅದರ ಜೊತೆಗೆ ಮುಟ್ಟದ ಸ್ಕ್ಯಾನ್ ಒಂದು, ಎಲ್ಲ ಪದರ ಇರುವ ಗಿಂಪ್ ಫೈಲ್ ಒಂದು, ಇವೆರಡನ್ನೂ ಇಟ್ಟುಕೊಂಡಿದ್ದೇನೆ. ಇಪ್ಪತ್ತು ವರ್ಷ ಆದಮೇಲೆ ಚಿಕ್ಕಮ್ಮನ ಮನೆಯ ಅಟ್ಟದಲ್ಲಿ ನೆಗೆಟಿವ್ ಸಿಕ್ಕರೆ, ನಾನು ಕಟ್ಟಿದ ಗೋಡೆಯ ಪದರವನ್ನು ತೆಗೆದು ನಿಜವಾದ ಗೋಡೆಯನ್ನು ಇಡಬಹುದು.

ಪ್ರಿಂಟ್ ಹಾಕಿಸಿ ಅತ್ತೆಗೆ ಕೊಟ್ಟೆ. ಅವರು ಗೋಡೆ ನೋಡಲಿಲ್ಲ, ಗಡಿಯಾರ ನೋಡಲಿಲ್ಲ. ಕನ್ನಡಕ ಹಾಕಿಕೊಂಡು ಬಲಕ್ಕೆ ಕೆಳಗೆ ನೋಡಿ, "ಅಮ್ಮನ ಕಾಲುಂಗುರ ಅಲ್ವೇನೋ ಇದು?" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲೊಂದು ತಾರೀಕು ಇತ್ತಲ್ಲ, ಅದೆಲ್ಲಿ?" ಅಂತ ಕೇಳಿದರು. ಫೋಟೋ ತಿರುಗಿಸಿ, ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆದದ್ದನ್ನು ತೋರಿಸಿದೆ.